ಎರಡೂ ಕಡೆ x ಬರುವ ಲೆಕ್ಕದವರೆಗೆ: ನಾನು ಅಭ್ಯಾಸದ ಹಾಳೆ ಕಟ್ಟಿದ ಬಗೆ

ಇಂಡಿ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಎಂಟನೇ ತರಗತಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು 2x + 5 = 17 ಅನ್ನುವಂಥ ಲೆಕ್ಕವನ್ನು ಬಿಡಿಸುತ್ತಾರೆ. ಅದೇ ಮಕ್ಕಳ ಮುಂದೆ 5x + 2 = 3x + 10 ಬರೆದರೆ ಕೈ ನಿಂತುಬಿಡುತ್ತದೆ. "ಸರ, ಎರಡೂ ಕಡೆ ಎಕ್ಸ್ ಐತಿ. ಯಾವದನ್ನ ಹಿಡೀಬೇಕ್ರಿ?" ಅಂತ ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಈ ಎರಡು ಲೆಕ್ಕಗಳ ನಡುವೆ ಏನೇನು ಇರಬೇಕು ಅಂತ ಯೋಚಿಸಿ ನಾನೇ ಒಂದು ಅಭ್ಯಾಸದ ಸರಣಿ ಕಟ್ಟಿದೆ.

ಮೊದಲು ತೊಡಕು ಎಲ್ಲಿದೆ ಅಂತ ನೋಡೋಣ. 2x + 5 = 17 ಬಿಡಿಸುವಾಗ ಮಗು x ಅನ್ನು ಮುಟ್ಟುವುದೇ ಇಲ್ಲ. ಐದು ಕೂಡಿಸಿದಾಗ 17 ಆಯಿತು, ಅಂದರೆ ಅದಕ್ಕೂ ಮೊದಲು 12 ಇತ್ತು. ಎರಡರಿಂದ ಗುಣಿಸಿದಾಗ 12 ಆಯಿತು, ಅಂದರೆ ಮೊದಲು 6 ಇತ್ತು. ಗೊತ್ತಿರುವ ಸಂಖ್ಯೆಯಿಂದ ಹಿಂದಕ್ಕೆ ನಡೆಯುವುದು, ಅಷ್ಟೇ. ಇದು ಅಂಕಗಣಿತ. 5x + 2 = 3x + 10 ರಲ್ಲಿ ಹಾಗೆ ಹಿಂದಕ್ಕೆ ನಡೆಯಲು ಶುರು ಮಾಡುವ ಜಾಗವೇ ಇಲ್ಲ. 3x ಎಷ್ಟು ಅಂತ ಗೊತ್ತಿಲ್ಲದೆಯೇ ಅದನ್ನು ಎರಡೂ ಕಡೆಯಿಂದ ತೆಗೆಯಬೇಕು. ಮೆಕ್ಸಿಕೋದ ಫಿಲಾಯ್ ಮತ್ತು ರೊಹಾನೊ ಅನ್ನುವ ಇಬ್ಬರು ಸಂಶೋಧಕರು 1989ರಲ್ಲಿ ಬರೆದ ಲೇಖನದಲ್ಲಿ, ಅಂಕಗಣಿತ ಮುಗಿದು ಬೀಜಗಣಿತ ಶುರುವಾಗುವ ಗಡಿ ಇಲ್ಲೇ ಇದೆ ಎಂದು ತೋರಿಸಿದ್ದಾರೆ. ಹಾಗಾಗಿ ನನ್ನ ಸರಣಿಯಲ್ಲಿ ಜಾಸ್ತಿ ಲೆಕ್ಕಗಳು ಈ ಗಡಿಯ ಹತ್ತಿರವೇ ಇವೆ. ಒಂದು ಹಂತದ ಲೆಕ್ಕಗಳು ಕಡಿಮೆ.

ಕಡಿಮೆ ಅಂದ ಮಾತ್ರಕ್ಕೆ ಅವನ್ನು ಹೇಗೆ ಬೇಕಾದರೂ ಹಾಕಿಲ್ಲ. x + 7 = 12 ಕೊಟ್ಟರೆ ಮಕ್ಕಳು ನೋಡಿದ ಕೂಡಲೇ 5 ಅನ್ನುತ್ತಾರೆ. ಅಲ್ಲಿ ಏನೂ ಕಲಿತಂತಾಗುವುದಿಲ್ಲ. ಅದಕ್ಕೆ ಮೊದಲ ಸಾಲಿನಲ್ಲಿ ನಾಲ್ಕು ಲೆಕ್ಕಗಳಿಗೂ ಅವೇ ಎರಡು ಸಂಖ್ಯೆಗಳನ್ನು ಇಟ್ಟೆ:

x + 6 = 18
x − 6 = 18
6x = 18
x/6 = 18

ಉತ್ತರಗಳು 12, 24, 3, 108. ಸಂಖ್ಯೆಗಳು ಒಂದೇ ಆಗಿರುವುದರಿಂದ ಅವುಗಳ ಮೇಲೆ ಕಣ್ಣಿಟ್ಟು ಪ್ರಯೋಜನವಿಲ್ಲ. x ಗೆ ಏನು ಮಾಡಿದ್ದಾರೆ ಅನ್ನುವುದನ್ನೇ ನೋಡಬೇಕು. ಈ ಸಾಲಿನಲ್ಲೇ ಒಂದು ಹಳೆಯ ತೊಂದರೆಯೂ ಹೊರಬೀಳುತ್ತದೆ. ಕೆಲವರು 6x = 18 ಕ್ಕೆ ಉತ್ತರ −3 ಅಂತ ಬರೆಯುತ್ತಾರೆ. "ಆ ಕಡೆ ಹೋದ್ರ ಚಿಹ್ನೆ ಬದಲಾಗತೈತಿ" ಅಂತ ಬಾಯಿಪಾಠ ಮಾಡಿದವರು ಇವರು. ಪಕ್ಷಾಂತರವನ್ನು ಕಾರಣ ತಿಳಿಯದೆ ಕಲಿತರೆ ಭಾಗಿಸುವ 6 ಕೂಡ −6 ಆಗಿಬಿಡುತ್ತದೆ. ಹೀಗೆ ಬರೆದವರಿಗೆ ನಾನು ಮುಂದಿನ ಹಾಳೆ ಕೊಡುವುದಿಲ್ಲ. −3 ಅನ್ನು 6x ನಲ್ಲಿ ಹಾಕಿ ತಾಳೆ ನೋಡು ಅನ್ನುತ್ತೇನೆ. −18 ಬಂದಾಗ ಅವರೇ ನಿಲ್ಲುತ್ತಾರೆ.

ಎರಡು ಹಂತದ ಲೆಕ್ಕಗಳಲ್ಲಿ ನಾನು ಇಟ್ಟುಕೊಂಡ ನಿಯಮ ಇಷ್ಟೇ: ಒಂದು ಲೆಕ್ಕದಿಂದ ಮುಂದಿನದಕ್ಕೆ ಹೋಗುವಾಗ ಒಂದೇ ಒಂದು ಸಂಗತಿ ಹೊಸದಾಗಿರಬೇಕು. 2x + 5 = 17 ಆದ ಮೇಲೆ 17 = 2x + 5. ಆಮೇಲೆ 2x − 5 = 17. ಆಮೇಲೆ x/3 + 4 = 9. ಋಣ ಉತ್ತರ ಬರುವ 2x + 11 = 5 ಕೊನೆಗೆ. ಬಲಗಡೆ x ಇರುವ 17 = 2x + 5 ಸಣ್ಣ ಬದಲಾವಣೆ ಅನ್ನಿಸಬಹುದು. ಆದರೆ ಬಹಳ ಮಕ್ಕಳ ಮನಸ್ಸಿನಲ್ಲಿ = ಅಂದರೆ "ಉತ್ತರ ಇಲ್ಲಿ ಬರೆ" ಅಂತಲೇ ಇರುತ್ತದೆ. ಆ ಅರ್ಥ ಇಟ್ಟುಕೊಂಡು 5x + 2 = 3x + 10 ಓದಿದರೆ 3x + 10 ಅನ್ನುವುದೇ ಉತ್ತರ, ಮುಂದೆ ಮಾಡುವುದಕ್ಕೆ ಏನೂ ಇಲ್ಲ ಅನ್ನಿಸುತ್ತದೆ. ಅದಕ್ಕೇ x ಬಲಗಡೆ ಇರುವ ಲೆಕ್ಕಗಳನ್ನು ಮೊದಲಿನಿಂದಲೇ ಅಲ್ಲಲ್ಲಿ ಸೇರಿಸುತ್ತಾ ಬಂದೆ.

17 − 2x = 5 ಅನ್ನು ಮಾತ್ರ ಈ ಹಾಳೆಯಿಂದ ತೆಗೆದು ಬಹಳ ಮುಂದಕ್ಕೆ ಹಾಕಿದೆ. ಅದು ಎರಡು ಹಂತದ ಲೆಕ್ಕದಂತೆ ಕಾಣುತ್ತದೆ, ಆದರೆ ಅಲ್ಲಿ x ಅನ್ನು ಕಳೆದಿದ್ದಾರೆ. ಅಚ್ಚುಕಟ್ಟಾಗಿ ಬಿಡಿಸಬೇಕಾದರೆ ಎರಡೂ ಕಡೆ 2x ಕೂಡಿಸಿ 17 = 5 + 2x ಅಂತ ಮಾಡಬೇಕು. ಅಂದರೆ ಗೊತ್ತಿಲ್ಲದ್ದನ್ನೇ ಕೂಡಿಸಬೇಕು. ಅದು ಗಡಿಯ ಆಚೆಯ ಕೆಲಸ.

ಈಗ ಗಡಿಯ ಹಾಳೆಗೆ ಬರುತ್ತೇನೆ. ಇಲ್ಲಿ ಮೊದಲು x ಎರಡು ಸಲ ಬರುತ್ತದೆ, ಆದರೆ ಒಂದೇ ಕಡೆ: 3x + 2x = 20, ಆಮೇಲೆ 5x − 2x + 4 = 19. 5x ನಿಂದ 2x ತೆಗೆದರೆ 3x ಉಳಿಯುತ್ತದೆ ಅನ್ನುವುದು ಇಲ್ಲಿ ಗಟ್ಟಿಯಾಗಬೇಕು. ಇಲ್ಲದಿದ್ದರೆ ಮುಂದೆ ಒಂದು ಹೆಜ್ಜೆಯೂ ನಡೆಯುವುದಿಲ್ಲ. ಅದಾದ ಮೇಲೆ ಈ ಮೂರು ಸಾಲು:

2x = 8
5x = 3x + 8
5x + 2 = 3x + 10

ಮೂರರ ಉತ್ತರವೂ 4. ಇದು ಕಾಕತಾಳೀಯ ಅಲ್ಲ. ಮೊದಲ ಸಾಲಿನ ಎರಡೂ ಕಡೆ 3x ಕೂಡಿಸಿದರೆ ಎರಡನೆಯದು ಸಿಗುತ್ತದೆ. ಅದರ ಎರಡೂ ಕಡೆ 2 ಕೂಡಿಸಿದರೆ ಮೂರನೆಯದು. ಮೊದಲು ನಾನು ಬೋರ್ಡಿನ ಮೇಲೆ ಮೇಲಿನಿಂದ ಕೆಳಕ್ಕೆ ಕಟ್ಟಿ ತೋರಿಸುತ್ತೇನೆ. ಆಮೇಲೆ ಕೆಳಗಿನ ಸಾಲು ಮಾತ್ರ ಉಳಿಸಿ, ಮೇಲಕ್ಕೆ ಹತ್ತಿ ಹೋಗಿ ಅನ್ನುತ್ತೇನೆ. ಕಟ್ಟಿದ್ದನ್ನು ನೋಡಿದವರಿಗೆ ಬಿಚ್ಚುವುದು ಹೊಸ ನಿಯಮ ಅನ್ನಿಸುವುದಿಲ್ಲ. ನಡುವಿನ ಸಾಲು, ಅಂದರೆ ಒಂದು ಕಡೆ ಬರೀ x ಪದ ಇರುವ 5x = 3x + 8, ಬಹಳ ಮುಖ್ಯ. ಇಲ್ಲಿ ಸಂಖ್ಯೆಗಳನ್ನು ಸರಿಸುವ ಕೆಲಸ ಇಲ್ಲ, x ಅನ್ನು ಸರಿಸುವ ಕೆಲಸ ಒಂದೇ. ಈ ಥರದ್ದೇ ಆರೇಳು ಲೆಕ್ಕ ಹಾಕಿದ್ದೇನೆ.

ತಕ್ಕಡಿಯನ್ನೂ ಇಲ್ಲೇ ತರುತ್ತೇನೆ. ನಮ್ಮ ಕಡೆ ನಿಂಬೆಯ ತೋಟ ಜಾಸ್ತಿ, ಚೀಲ ತೂಗುವುದನ್ನು ಮಕ್ಕಳು ನೋಡಿರುತ್ತಾರೆ. ಒಂದು ಕಡೆ ಐದು ಸಣ್ಣ ಚೀಲ ಮತ್ತು 2 ಕಿಲೋ ಕಲ್ಲು, ಇನ್ನೊಂದು ಕಡೆ ಅಂಥದ್ದೇ ಮೂರು ಚೀಲ ಮತ್ತು 10 ಕಿಲೋ ಕಲ್ಲು. ತಕ್ಕಡಿ ಸಮ ಇದೆ. ಒಂದು ಚೀಲದ ತೂಕ ಎಷ್ಟು ಅಂತ ಗೊತ್ತಿಲ್ಲದಿದ್ದರೂ ಎರಡೂ ಕಡೆಯಿಂದ ಮೂರು ಮೂರು ಚೀಲ ಇಳಿಸಬಹುದು, ಅಲ್ವಾ? ಎರಡು ಚೀಲ ಮತ್ತು 2 ಕಿಲೋಗೆ 10 ಕಿಲೋ ಸಮ. ಯಾವ ಎಕ್ಸ್ ಹಿಡೀಬೇಕು ಅನ್ನುವ ಪ್ರಶ್ನೆಗೆ ಉತ್ತರವೂ ಸಿಕ್ಕಿತು: ಚೀಲ ಕಡಿಮೆ ಇರುವ ಕಡೆಯದನ್ನು. ಆದರೆ ತಕ್ಕಡಿಗೆ ಒಂದು ಮಿತಿ ಇದೆ. 4x − 3 ಅನ್ನು ತೂಗಿ ತೋರಿಸಲು ಆಗುವುದಿಲ್ಲ, ಮೂರು ಕಿಲೋ "ಇಲ್ಲದಿರುವುದನ್ನು" ತಟ್ಟೆಯ ಮೇಲೆ ಇಡುವುದು ಹೇಗೆ? ಕಳೆಯುವ ಚಿಹ್ನೆ ಬಂದ ಕೂಡಲೇ ನಾನು ತಕ್ಕಡಿ ಬಿಟ್ಟು "ಎರಡೂ ಕಡೆ ಅದನ್ನೇ ಮಾಡು" ಅನ್ನುವ ಮಾತನ್ನಷ್ಟೇ ಇಟ್ಟುಕೊಳ್ಳುತ್ತೇನೆ.

ಮುಂದಿನ ಹಾಳೆಯಲ್ಲಿ ಸಂಖ್ಯೆಗಳನ್ನು ಆರಿಸಲು ನನಗೆ ಜಾಸ್ತಿ ಹೊತ್ತು ಹಿಡಿಯಿತು. ಉತ್ತರ ಪೂರ್ಣಸಂಖ್ಯೆ ಬರುವಂತೆ ಲೆಕ್ಕ ಕಟ್ಟುವುದು ಸುಲಭ. ಉತ್ತರವನ್ನು ಮೊದಲು ಆರಿಸಿ ಹಿಂದಕ್ಕೆ ಬಂದರೆ ಆಯಿತು. ಆದರೆ ತಪ್ಪು ಮಾಡಿದವರಿಗೆ 2.4 ಅಥವಾ 7/3 ಬಂದರೆ, ಏನೋ ತಪ್ಪಾಗಿದೆ ಅಂತ ಅವರೇ ಅಳಿಸಿ ಪಕ್ಕದವರ ಉತ್ತರ ಬರೆದುಬಿಡುತ್ತಾರೆ. ಎಲ್ಲಿ ಎಡವಿದರು ಅಂತ ನನಗೆ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ತಪ್ಪಿಗೂ ಬೇರೆ ಬೇರೆ ಪೂರ್ಣಸಂಖ್ಯೆ ಬರುವಂಥ ಲೆಕ್ಕ ಹುಡುಕಿದೆ. ಅದರಲ್ಲಿ ನನಗೆ ಮೆಚ್ಚಿಗೆಯಾದದ್ದು ಇದು:

4x − 3 = 2x + 9

ಸರಿಯಾಗಿ ಮಾಡಿದರೆ 2x = 12, ಉತ್ತರ 6. ತಾಳೆ ನೋಡಿದರೆ ಎರಡೂ ಕಡೆ 21. ಈಗ ತಪ್ಪುಗಳನ್ನು ನೋಡಿ. −3 ಅನ್ನು ಸರಿಸುವಾಗ ಚಿಹ್ನೆ ಹಾಗೇ ಬಿಟ್ಟವರಿಗೆ 2x = 6, ಉತ್ತರ 3. 2x ಅನ್ನು ಕಳೆಯುವ ಬದಲು ಕೂಡಿಸಿದವರಿಗೆ 6x = 12, ಉತ್ತರ 2. ಎರಡೂ ತಪ್ಪು ಮಾಡಿದವರಿಗೆ 6x = 6, ಉತ್ತರ 1. 2x = 12 ವರೆಗೆ ಸರಿಯಾಗಿ ಬಂದು, ಭಾಗಿಸುವ ಬದಲು ಕಳೆದವರಿಗೆ 10. ನೋಟ್‌ಬುಕ್ ಪೂರ್ತಿ ಓದದೆ ಉತ್ತರ ಒಂದನ್ನೇ ನೋಡಿ ಯಾರಿಗೆ ಯಾವ ಹಾಳೆ ಮತ್ತೆ ಕೊಡಬೇಕು ಅಂತ ಗೊತ್ತಾಗುತ್ತದೆ. 2 ಬರೆದವರು 5x = 3x + 8 ರ ಹಾಳೆಗೆ ಹಿಂದಿರುಗುತ್ತಾರೆ. 10 ಬರೆದವರು ಮೊದಲ ನಾಲ್ಕು ಲೆಕ್ಕಗಳಿಗೆ. 3 ಬರೆದವರಿಗೆ 2x − 5 = 17 ರ ಗುಂಪು ಸಾಕು. ಎಲ್ಲಾ ಲೆಕ್ಕಗಳನ್ನೂ ಹೀಗೆ ಕಟ್ಟಲು ಆಗಲಿಲ್ಲ. ಒಂದು ಹಾಳೆಗೆ ಇಂಥದ್ದು ಒಂದೆರಡು ಇದ್ದರೂ ಕೆಲಸ ಆಗುತ್ತದೆ.

ಇನ್ನೊಂದು ಕಡೆ ಎಚ್ಚರ ಬೇಕು. ಉತ್ತರ ಚಿಕ್ಕ ಧನಸಂಖ್ಯೆ ಆಗಿದ್ದರೆ ಜಾಣ ಮಕ್ಕಳು 1, 2, 3 ಹಾಕಿ ನೋಡಿಯೇ ಉತ್ತರ ಹಿಡಿಯುತ್ತಾರೆ. ಅದು ತಪ್ಪಲ್ಲ, ಸಮೀಕರಣ ಅಂದರೆ ಏನು ಅಂತ ಅವರಿಗೆ ತಿಳಿದಿದೆ ಅಂತಲೇ ಅರ್ಥ. ಆದರೆ ಬಿಡಿಸುವ ವಿಧಾನ ಬಂದಿದೆಯೇ ಅಂತ ಅದರಿಂದ ತಿಳಿಯುವುದಿಲ್ಲ. ಅದಕ್ಕೆ 5x + 7 = 2x − 2 ಹಾಕಿದೆ. ಉತ್ತರ −3. ಒಂದು, ಎರಡು, ಮೂರು ಅಂತ ಹಾಕುತ್ತಾ ಹೋದಷ್ಟೂ ಎರಡು ಕಡೆಗಳ ನಡುವಿನ ಅಂತರ ಹೆಚ್ಚುತ್ತಲೇ ಹೋಗುತ್ತದೆ. ಆಗ x ಅನ್ನು ಒಂದು ಕಡೆಗೆ ತರುವ ದಾರಿ ತಾನಾಗಿಯೇ ಬೇಕಾಗುತ್ತದೆ. ಇದರ ಹಿಂದೆಯೇ, ಮೊದಲು ಎತ್ತಿಟ್ಟಿದ್ದ 17 − 2x = 5 ಬರುತ್ತದೆ. ಆಮೇಲೆ 3x + 10 = 5x + 2, ಅಂದರೆ ದೊಡ್ಡ ಗುಣಾಂಕ ಬಲಗಡೆ ಇರುವುದು. ಎಡಗಡೆಗೇ ತರಬೇಕು ಅಂತ ಹಟ ಹಿಡಿದವರು −2x = −8 ತಲುಪಿ ಅಲ್ಲಿ x = −4 ಬರೆಯುತ್ತಾರೆ. ಬಲಗಡೆಗೆ ತಂದವರಿಗೆ ಆ ತೊಂದರೆ ಇಲ್ಲ.

ಕೊನೆಯ ಲೆಕ್ಕ ನನ್ನದಲ್ಲ, 12ನೇ ಶತಮಾನದ ಭಾಸ್ಕರಾಚಾರ್ಯರದು. ಅವರ 'ಬೀಜಗಣಿತ'ದಲ್ಲಿ ಬರುತ್ತದೆ. ಒಬ್ಬನ ಹತ್ತಿರ 300 ನಾಣ್ಯ ಮತ್ತು ಆರು ಕುದುರೆ ಇವೆ. ಇನ್ನೊಬ್ಬನ ಹತ್ತಿರ ಅದೇ ಬೆಲೆಯ ಹತ್ತು ಕುದುರೆ ಇವೆ, ಆದರೆ 100 ನಾಣ್ಯ ಸಾಲ ಇದೆ. ಇಬ್ಬರ ಆಸ್ತಿಯೂ ಸಮ. ಕುದುರೆಯ ಬೆಲೆ ಎಷ್ಟು? 6x + 300 = 10x − 100. ನನ್ನ ಹಾಳೆಗಳಲ್ಲಿ ಬಂದದ್ದೆಲ್ಲ ಇಲ್ಲಿದೆ: ಎರಡೂ ಕಡೆ x, ಬಲಗಡೆ ದೊಡ್ಡ ಗುಣಾಂಕ, ತಕ್ಕಡಿಯಲ್ಲಿ ಇಡಲಾಗದ ಸಾಲ. ಸಾಲವನ್ನು −100 ಅಂತ ಬರೆಯಬೇಕು ಅಂತ ನಾನು ಹೇಳಿಕೊಡುವುದಿಲ್ಲ. ಮಕ್ಕಳು ಮನೆಯಲ್ಲಿ ಸಾಲದ ಮಾತು ಕೇಳಿರುತ್ತಾರೆ, ಹೇಗೆ ಬರೆಯಬೇಕು ಅಂತ ತಾವೇ ಮಾತಾಡಿಕೊಂಡು ತೀರ್ಮಾನಿಸುತ್ತಾರೆ. 4x = 400, ಬೆಲೆ 100. ತಾಳೆ ನೋಡಿದರೆ ಇಬ್ಬರ ಹತ್ತಿರವೂ 900.

ಇದು ಮುಗಿದವರಿಗೆ ಹೊಸ ಹಾಳೆ ಕೊಡುವುದಿಲ್ಲ. 3x = 15 ಅನ್ನುವ ಒಂದೇ ಸಾಲು ಕೊಟ್ಟು, ಇದರಿಂದ ಎರಡೂ ಕಡೆ x ಇರುವ ಲೆಕ್ಕ ಕಟ್ಟಿ ಪಕ್ಕದವರಿಗೆ ಕೊಡಿ ಅನ್ನುತ್ತೇನೆ. ಕೊಡುವ ಮೊದಲು x = 5 ಹಾಕಿ ಎರಡೂ ಕಡೆ ಸಮ ಬರುತ್ತದೆಯೇ ಅಂತ ಅವರೇ ತಾಳೆ ನೋಡಬೇಕು. ಆವರಣ, ಭಿನ್ನರಾಶಿ ಇರುವ ಸಮೀಕರಣಗಳಿಗೆ ಬೇರೆಯೇ ಹಾಳೆಗಳು ಬೇಕು. ಅವುಗಳನ್ನು ಈ ಸರಣಿಯೊಳಗೆ ತಂದಿಲ್ಲ.