20 ತಾಸಿನಲ್ಲಿ ಹೋದ ಹೋರಿಕರು: ಚಪ್ಪೆ ಬೇನೆಯ ನನ್ನ ಅನುಭವ

ನಮ್ಮ ಹೊಲ ವಿಜಯಪುರ ಜಿಲ್ಲೆಯ ತಾಳಿಕೋಟೆ ಕಡೆ, ಡೋಣಿ ನದಿಯ ದಂಡೆಗೆ ಇದೆ. ಕಪ್ಪು ಎರೆ ಭೂಮಿ. ನಾಲ್ಕು ವರ್ಷದ ಹಿಂದೆ ಇಲ್ಲಿಯೇ ನಮ್ಮ ಒಂದೂವರೆ ವರ್ಷದ ಖಿಲಾರಿ ಹೋರಿಕರು ಚಪ್ಪೆ ಬೇನೆಯಿಂದ ಸತ್ತಿತು. ಮನೆಯಲ್ಲಿದ್ದ ದನಗಳಲ್ಲೆಲ್ಲ ಅದೇ ಗಟ್ಟಿಮುಟ್ಟಾಗಿತ್ತು. ಮೈ ತುಂಬಿಕೊಂಡು ಹೊಳೆಯುತ್ತಿತ್ತು. ಹಿಂಡಿ, ಜೋಳದ ಕಣಿಕೆ ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಊರಿಗೆ ಚಪ್ಪೆ ಬೇನೆಯ ಲಸಿಕೆ ಹಾಕುವವರು ಬಂದಿದ್ದರು. ಎರಡು ಆಕಳು, ಒಂದು ಎತ್ತಿಗೆ ಹಾಕಿಸಿದೆ. ಹೋರಿಕರುವಿಗೆ ಬೇಡ ಎಂದೆ. ಸೂಜಿ ಚುಚ್ಚಿದಲ್ಲಿ ಕೆಲವು ದಿನ ಗಂಟು ನಿಲ್ಲುತ್ತದೆ. ಕಾರಹುಣ್ಣಿಮೆಗೆ ಅದನ್ನು ಶೃಂಗಾರ ಮಾಡಿ ಹೊರಗೆ ತರುವ ಆಸೆ ನನಗೆ. ಕುತ್ತಿಗೆಯ ಮೇಲೆ ಗಂಟು ಕಾಣಬಾರದು ಅನ್ನುವುದಷ್ಟೇ ಕಾರಣ. ಇದನ್ನು ಮುಚ್ಚಿಡುವುದಿಲ್ಲ, ತಪ್ಪು ನನ್ನದೇ.

ಜುಲೈ ತಿಂಗಳು. ಒಂದು ವಾರ ಬಿಡದೆ ಮಳೆ ಹೊಡೆದು, ಆಮೇಲೆ ಹೊಳವಾಗಿತ್ತು. ಹಳ್ಳದ ಬದುವಿಗೆ ಎಳೆ ಹುಲ್ಲು ಬಂದಿತ್ತು. ದನಗಳನ್ನು ಅಲ್ಲೇ ಮೇಯಿಸಿದೆವು. ಮೂರನೇ ದಿನ ಸಂಜೆ ಆರರ ಸುಮಾರಿಗೆ ಕೊಟ್ಟಿಗೆಗೆ ಬರುವಾಗ ಹೋರಿಕರು ಹಿಂದಿನ ಬಲಗಾಲು ಊರದೆ ಕುಂಟುತ್ತಿತ್ತು. ಕಾಕಾ ನೋಡಿ, "ತಮ್ಮಾ, ಎತ್ತು ಒದ್ದಿರಬೇಕು ನೋಡು" ಅಂದರು. ನನಗೂ ಹಾಗೇ ಅನ್ನಿಸಿತು. ಗೊರಸಿನ ಸಂದಿಯಲ್ಲಿ ಮುಳ್ಳು ಹುಡುಕಿದೆ, ಸಿಗಲಿಲ್ಲ. ಅರಿಶಿನ ಎಣ್ಣೆ ಹಚ್ಚಿ ಬಿಟ್ಟೆ.

ಕೈ ತಪ್ಪಿದ್ದು ಇಲ್ಲಿ. ಪೆಟ್ಟು ಬಿದ್ದ ಕರು ಕುಂಟಿದರೂ ಮೇವು ತಿನ್ನುತ್ತದೆ, ಮೆಲುಕು ಹಾಕುತ್ತದೆ. ಇದು ಮೇವು ಮೂಸಲಿಲ್ಲ, ಮೆಲುಕು ನಿಂತಿತ್ತು, ಕಿವಿ ಜೋತುಬಿದ್ದಿದ್ದವು. ಮೈ ಮುಟ್ಟಿದರೆ ಸುಡುತ್ತಿತ್ತು. ಥರ್ಮಾಮೀಟರ್ ಇಟ್ಟಿದ್ದರೆ ಆಗಲೇ 105, 106 ಡಿಗ್ರಿ ಫ್ಯಾರನ್‌ಹೀಟ್ ಕಾಣುತ್ತಿತ್ತು. ಮಳೆಗಾಲದಲ್ಲಿ ಎಳೆ ದನ ಕುಂಟುವುದು ಮತ್ತು ಜ್ವರ ಎರಡೂ ಕೂಡಿ ಬಂದರೆ ಅದು ಮುಳ್ಳಲ್ಲ, ಒದೆತವಲ್ಲ ಎಂದು ಈಗ ಗೊತ್ತು. ಆ ರಾತ್ರಿಯೇ ಫೋನ್ ಮಾಡಬೇಕಿತ್ತು.

ಒಂಬತ್ತು ಗಂಟೆಗೆ ಚಪ್ಪೆಯ ಮೇಲೆ ಅಂಗೈ ಅಗಲ ಬಾವು ಬಂತು. ಬಿಸಿಯಾಗಿತ್ತು, ಮುಟ್ಟಿದರೆ ಒದೆಯುತ್ತಿತ್ತು. ಬೆಳಗಿನ ಐದಕ್ಕೆ ನೋಡಿದರೆ ಬಾವು ತೊಡೆಗೂ ಇಳಿದಿತ್ತು. ಕರು ಮಲಗಿಬಿಟ್ಟಿತ್ತು. ಬಾವು ಒತ್ತಿದೆ, ಕರು ಅಲುಗಾಡಲಿಲ್ಲ. ನಡುಭಾಗ ತಣ್ಣಗಿತ್ತು. ಚರ್ಮ ಒಣಗಿ ಕಪ್ಪಾಗುತ್ತಿತ್ತು. ಬೆರಳ ಕೆಳಗೆ ಹಪ್ಪಳ ಮುರಿದ ಹಾಗೆ ಚರಚರ ಅಂದಿತು. ಒಳಗೆ ಮಾಂಸ ಸತ್ತು ಗ್ಯಾಸ್ ತುಂಬಿಕೊಂಡಿದೆ ಅನ್ನುವುದರ ಗುರುತು ಅದು. ನೋವು ಹೋಯಿತು, ಇಳಿಯುತ್ತಿದೆ ಎಂದು ನಾನು ಒಂದು ಗಳಿಗೆ ಸಮಾಧಾನ ಪಟ್ಟೆ. ನೋವು ಹೋದದ್ದು ಅಲ್ಲಿಯ ಮಾಂಸಕ್ಕೆ ಜೀವ ಇಲ್ಲದ್ದರಿಂದ.

ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆ. ಪಶು ಡಾಕ್ಟರು ಬರುವಷ್ಟರಲ್ಲಿ ಎಂಟೂವರೆ. ಬಾವು ಒತ್ತಿ ನೋಡಿ ಅವರು ಮುಖ ಸಣ್ಣ ಮಾಡಿಕೊಂಡರು. ಪೆನಿಸಿಲಿನ್ ದೊಡ್ಡ ಡೋಸು ಕೊಟ್ಟರು, ಬಾವಿನ ಸುತ್ತಲೂ ಒಂದಿಷ್ಟು ಚುಚ್ಚಿದರು. "ಕುಂಟೋಕೆ ಶುರುವಾದಾಗ್ಲೇ ಕೊಟ್ಟಿದ್ರೆ ಒಂದು ಆಸೆ ಇತ್ತು" ಅಂದರು. ಔಷಧಿ ಕ್ರಿಮಿಯನ್ನು ಕೊಲ್ಲುತ್ತದೆ. ಅದು ಆಗಲೇ ಬಿಟ್ಟ ವಿಷವನ್ನು ತೆಗೆಯುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಕರು ಸತ್ತಿತು.

ಎಲ್ಲ ಬಿಟ್ಟು ಚೆನ್ನಾಗಿ ತಿಂದ ಕರುವಿಗೇ ಯಾಕೆ ಬಂತು ಎಂದು ಡಾಕ್ಟರನ್ನು ಕೇಳಿದೆ. ಈ ಕ್ರಿಮಿಯ ಹೆಸರು ಕ್ಲಾಸ್ಟ್ರಿಡಿಯಂ ಚೌವೋಯಿ. ಗಟ್ಟಿ ಸಿಪ್ಪೆಯ ಬೀಜದ ಹಾಗೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮಳೆ ನೀರು ಅದನ್ನು ಮೇಲೆ ತರುತ್ತದೆ. ಮಣ್ಣು ಮೆತ್ತಿದ ಗಿಡ್ಡ ಹುಲ್ಲಿನ ಜೊತೆ ದನದ ಹೊಟ್ಟೆಗೆ ಹೋಗಿ, ಅಲ್ಲಿಂದ ರಕ್ತ ಹಿಡಿದು ಮಾಂಸಖಂಡದಲ್ಲಿ ಸುಮ್ನೆ ಕೂತಿರುತ್ತದೆ. ಗಾಳಿ ಇರುವಲ್ಲಿ ಅದು ಬೆಳೆಯುವುದಿಲ್ಲ. ಎಲ್ಲೋ ಜಿಗಿದು, ಗುದ್ದಾಡಿ ಮಾಂಸ ಜಜ್ಜಿದರೆ ಅಲ್ಲಿ ರಕ್ತ ಓಡಾಟ ಕಡಿಮೆಯಾಗಿ ಗಾಳಿ ಸಿಗದಂತಾಗುತ್ತದೆ. ಆಗ ಎದ್ದು ವಿಷ ಬಿಡುತ್ತದೆ. ಆರು ತಿಂಗಳಿಂದ ಎರಡು ವರ್ಷದ, ಮೈ ತುಂಬುತ್ತಿರುವ ದನಗಳಿಗೆ ಇದು ಜಾಸ್ತಿ. ಬಡಕಲು ದನಕ್ಕಿಂತ ಮಾಂಸ ತುಂಬಿದ ದನವನ್ನೇ ಹಿಡಿಯುತ್ತದೆ. ಚಪ್ಪೆಗೇ ಬರಬೇಕೆಂದೂ ಇಲ್ಲ. ಭುಜ, ಕುತ್ತಿಗೆ, ಬೆನ್ನಿಗೂ ಬರುತ್ತದೆ. ಒಳಗಿನ ಮಾಂಸಕ್ಕೆ ಬಂದರೆ ಹೊರಗೆ ಬಾವೇ ಕಾಣುವುದಿಲ್ಲ. ರಾತ್ರಿ ಚೆನ್ನಾಗಿದ್ದ ಕರು ಬೆಳಿಗ್ಗೆ ಸತ್ತಿರುತ್ತದೆ. ಜನ ಹಾವು ಕಚ್ಚಿತು ಅನ್ನುತ್ತಾರೆ.

ಸತ್ತ ಮೇಲೆ ಕಾಕಾ ಚರ್ಮವನ್ನಾದರೂ ಸುಲಿಸೋಣ ಅಂದರು. ಅದಕ್ಕೂ ಮೊದಲು ಬಾವಿನ ಮೇಲೆ ಬರೆ ಹಾಕಬೇಕಿತ್ತು ಎಂದು ಒಬ್ಬರು, ಕೊಯ್ದು ಗಾಳಿ ಬಿಡಬೇಕಿತ್ತು ಎಂದು ಇನ್ನೊಬ್ಬರು. ಡಾಕ್ಟರು ಯಾವುದಕ್ಕೂ ಒಪ್ಪಲಿಲ್ಲ. ಕೊಯ್ದರೆ ಒಳಗಿನದೆಲ್ಲ ನೆಲಕ್ಕೆ ಚೆಲ್ಲುತ್ತದೆ, ಅದೇ ಕ್ರಿಮಿ ಮುಂದಿನ ಮಳೆಗೆ ಹುಲ್ಲಿನ ಬುಡದಲ್ಲಿ ಕಾಯುತ್ತದೆ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದೆಯೇ ಎಂದೂ ಅವರು ನೋಡಿದರು. ಬಂದಿದ್ದರೆ ನೆರಡಿ ಇರಬಹುದು. ಅದು ಮನುಷ್ಯರಿಗೂ ಬರುವ ರೋಗ, ಹೆಣವನ್ನು ಮುಟ್ಟಲೇಬಾರದು. ನಮ್ಮದರಲ್ಲಿ ಹಾಗೆ ರಕ್ತ ಇರಲಿಲ್ಲ.

ನೀರಿನ ಬಾವಿಗೂ ಹಳ್ಳಕ್ಕೂ ದೂರದ ಎತ್ತರದ ಮೂಲೆಯಲ್ಲಿ ಜೆಸಿಬಿಯಿಂದ ಆರಡಿಗಿಂತ ಆಳ ಗುಂಡಿ ತೆಗೆಸಿದೆ. ಹೆಣದ ಕೆಳಗೂ ಮೇಲೂ ಸುಣ್ಣ ಹಾಕಿ ಮುಚ್ಚಿದೆವು. ಅದು ಮಲಗಿದ್ದ ಜಾಗದ ಮೇವು ಸುಟ್ಟೆವು. ಅಲ್ಲಿಯ ಮೇಲ್ಮಣ್ಣು ಕೆರೆದು ಅದೇ ಗುಂಡಿಗೆ ಹಾಕಿದೆವು. ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿದೆ.

ಲಸಿಕೆ ಆಗಿದ್ದ ಮೂರು ದನಕ್ಕೆ ಏನೂ ಆಗಲಿಲ್ಲ. ಕಾಕಾನ ಎರಡು ಕರುಗಳಿಗೆ ಆಗಿರಲಿಲ್ಲ. ಅವಕ್ಕೆ ಅಂದೇ ಹಾಕಿದರು. ಆದರೆ ಲಸಿಕೆ ಹಾಕಿದ ಮರುದಿನವೇ ರಕ್ಷಣೆ ಸಿಗುವುದಿಲ್ಲ, ಎರಡು ಮೂರು ವಾರ ಬೇಕು. ಅಷ್ಟು ದಿನ ಅವನ್ನು ಬದುವಿಗೆ ಬಿಡದೆ ಕಟ್ಟಿ ಮೇಯಿಸಿದೆವು. ದಿನಕ್ಕೆರಡು ಸಲ ನಡೆಸಿ, ಕುಂಟುತ್ತವೆಯೇ ಎಂದು ನೋಡುತ್ತಿದ್ದೆವು. ಉಳಿದವು.

ಈಗ ನಾನು ತಾರೀಖು ನೆನಪಿಟ್ಟುಕೊಳ್ಳುವುದಿಲ್ಲ. ಬಸವ ಜಯಂತಿ ಆದ ವಾರ ದವಾಖಾನೆಗೆ ಹೋಗಿ ಕೇಳುತ್ತೇನೆ. ಅಲ್ಲಿಂದ ಕಾರಹುಣ್ಣಿಮೆಗೆ ಸುಮಾರು ಆರು ವಾರ ಸಿಗುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಲಸಿಕೆ ಕೆಲಸ ಶುರು ಮಾಡಿರುತ್ತದೆ, ಗಂಟೂ ಇಳಿದಿರುತ್ತದೆ. ನಾನು ಹೆದರಿದ್ದ ಗಂಟಿಗೆ ಉತ್ತರ ಬೇಗ ಹಾಕಿಸುವುದೇ ಆಗಿತ್ತು. ಕತ್ತಿನ ಸಡಿಲು ಚರ್ಮದ ಕೆಳಗೆ 5 ಎಂ.ಎಲ್. ಹಾಕುತ್ತಾರೆ. ಬಾಟಲಿಯನ್ನು ಐಸ್ ಡಬ್ಬಿಯಲ್ಲಿ ತಂದಿದ್ದಾರೆಯೇ, ಹಾಕುವ ಮುಂಚೆ ಅಲ್ಲಾಡಿಸುತ್ತಾರೆಯೇ ಎಂದು ನೋಡುತ್ತೇನೆ. ತಳದಲ್ಲಿ ಕೂತ ಗಸಿಯಲ್ಲೇ ಸತ್ವ ಇರುತ್ತದೆ. ಲಸಿಕೆ ಬಿಸಿಯಾದರೂ ಕೆಟ್ಟಿತು, ಹೆಪ್ಪುಗಟ್ಟಿದರೂ ಕೆಟ್ಟಿತು.

ಕಷ್ಟ ಬರುವುದು ಚಳಿಗಾಲದಲ್ಲಿ ಹುಟ್ಟಿದ ಕರುಗಳದ್ದು. ಸಾಮಾನ್ಯವಾಗಿ ಆರು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಜನವರಿಯಲ್ಲಿ ಹುಟ್ಟಿದ್ದು ಮೇ ತಿಂಗಳಲ್ಲಿ ನಾಲ್ಕು ತಿಂಗಳದ್ದು, ಹಾಗಾಗಿ ಬಿಟ್ಟುಹೋಗುತ್ತದೆ. ಸರಿಯಾಗಿ ಜುಲೈಗೆ ಅದಕ್ಕೆ ಆರು ತುಂಬುತ್ತದೆ, ಮಳೆಯೂ ಜೋರಿರುತ್ತದೆ. ನಮ್ಮಲ್ಲಿ ಬೇನೆ ಬಂದು ಹೋದ ಜಾಗ ಎಂದು ಡಾಕ್ಟರು ಇಂಥ ಕರುಗಳಿಗೆ ನಾಲ್ಕು ತಿಂಗಳಿಗೇ ಒಂದು ಹಾಕಿ, ಒಂದು ತಿಂಗಳ ನಂತರ ಮತ್ತೊಂದು ಹಾಕುತ್ತಾರೆ. ಕೊಟ್ಟಿಗೆಯ ಬಾಗಿಲಿಗೆ ಸೀಮೆಸುಣ್ಣದಿಂದ ಪ್ರತಿ ಕರು ಹುಟ್ಟಿದ ತಿಂಗಳು ಬರೆದಿಟ್ಟಿದ್ದೇನೆ. ಈ ವರ್ಷ ಅದರ ಕೆಳಗೆ ಕಾಕಾ ತಮ್ಮ ಮನೆಯ ಕರುಗಳದ್ದೂ ಬರೆದು ಹೋಗಿದ್ದಾರೆ.