ಫ್ರಿಜ್ ಕೆಟ್ಟಿದೆಯೇ? ವಾರಂಟಿ ಕಾರ್ಡಿನ ಫೋಟೊ ನೋಡಿ ದೂರು ಬರೆಯುವುದು ಹೀಗೆ

ಫ್ರಿಜ್ ತಣ್ಣಗಾಗುವುದು ನಿಂತ ದಿನ ವಾರಂಟಿ ಕಾರ್ಡ್ ಸಿಗದೆ, ಕೊಂಡಾಗ ಮೊಬೈಲಿನಲ್ಲಿ ತೆಗೆದಿಟ್ಟ ಫೋಟೊ ಮಾತ್ರ ಉಳಿದಿರುವುದುಂಟು. ಮೊದಲು ಅದನ್ನು ದೊಡ್ಡದು ಮಾಡಿ ಖರೀದಿಯ ದಿನಾಂಕ, ಮಾಡೆಲ್, ಸೀರಿಯಲ್ ನಂಬರ್ ಮತ್ತು ಅಂಗಡಿಯ ಸೀಲು ಇವೆಯೇ ಎಂದು ನೋಡಿ. ಮಸುಕಾದ ಫೋಟೊದಲ್ಲಿ 8 ಮತ್ತು B, 0 ಮತ್ತು O ಒಂದೇ ರೀತಿ ಕಾಣುವುದರಿಂದ, ಫ್ರಿಜ್ಜಿಗೆ ಅಂಟಿಸಿರುವ ಸ್ಟಿಕ್ಕರಿನೊಂದಿಗೆ ಸೀರಿಯಲ್ ನಂಬರನ್ನು ಒಂದೊಂದೇ ಅಕ್ಷರವಾಗಿ ತಾಳೆ ನೋಡಬೇಕು. ಕಾರ್ಡಿನಲ್ಲಿ ದಿನಾಂಕ ತುಂಬಿಲ್ಲದಿದ್ದರೆ ಬಿಲ್ಲೇ ಆಧಾರ.

ನಂತರ ಅವಧಿ. ಒಂದು ಉದಾಹರಣೆ ತೆಗೆದುಕೊಳ್ಳೋಣ: ಫ್ರಿಜ್ ಕೊಂಡದ್ದು 14-08-2021ರಂದು, ಕೆಟ್ಟದ್ದು 2025ರ ಮಾರ್ಚ್‌ನಲ್ಲಿ. ಕಾರ್ಡಿನಲ್ಲಿ ಇಡೀ ಫ್ರಿಜ್ಜಿಗೆ 1 ವರ್ಷ, ಕಂಪ್ರೆಸರಿಗೆ ಮಾತ್ರ ಇನ್ನೂ 9 ವರ್ಷ ಎಂದಿದೆ. ಹಾಗಾದರೆ ಫ್ರಿಜ್ಜಿನ ವಾರಂಟಿ 13-08-2022ಕ್ಕೇ ಮುಗಿದಿದೆ. ಕಂಪ್ರೆಸರಿನದು 13-08-2031ರವರೆಗೆ ಇದೆ.

ಜನ ಎಡವುವುದು ಇಲ್ಲಿಯೇ. ‘ಹತ್ತು ವರ್ಷ’ ಎಂಬ ದೊಡ್ಡ ಅಕ್ಷರದ ಕೆಳಗಿನ ಸಣ್ಣ ಅಕ್ಷರಗಳಲ್ಲಿ ಗ್ಯಾಸ್ ತುಂಬಿಸುವುದು, ಕೂಲಿ, ಸಾಗಾಟ, ಕಂಪ್ರೆಸರನ್ನು ಚಾಲು ಮಾಡುವ ರಿಲೇ, ಗಾಜು ಮತ್ತು ಪ್ಲಾಸ್ಟಿಕ್ ಭಾಗಗಳು ಸೇರುವುದಿಲ್ಲ ಎಂದು ಬರೆದಿರುವುದು ಸಾಮಾನ್ಯ. ಕಂಪ್ರೆಸರ್ ಗುಂಯ್ ಎನ್ನುತ್ತಾ ಓಡುತ್ತಿದ್ದರೂ ತಂಪಾಗದಿದ್ದರೆ ಗ್ಯಾಸ್ ಸೋರಿರುವ ಸಾಧ್ಯತೆ ಇದೆ. ‘ಟಕ್’ ಎಂದು ಸದ್ದಾಗಿ ನಿಂತುಬಿಟ್ಟರೆ ರಿಲೇ ಹೋಗಿರಬಹುದು, ಕಂಪ್ರೆಸರೇ ಹೋಗಿರಲೂಬಹುದು. ಆದ್ದರಿಂದ ‘ಕಂಪ್ರೆಸರ್ ಕೆಟ್ಟಿದೆ’ ಎಂದು ನೀವೇ ತೀರ್ಮಾನಿಸಿ ಬರೆಯದೆ, ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಬರೆಯಿರಿ. ಕಂಪನಿಯವರು ಬರುವ ಮುನ್ನ ಬೇರೆ ಮೆಕ್ಯಾನಿಕ್‌ನಿಂದ ಪೈಪು ಕತ್ತರಿಸುವ ಕೆಲಸ ಮಾಡಿಸಲೇಬೇಡಿ. ಹೊರಗಿನವರು ಬಿಚ್ಚಿದ್ದಾರೆ ಎಂಬ ಕಾರಣಕ್ಕೇ ವಾರಂಟಿ ತಪ್ಪಿಹೋಗಬಹುದು.

ಸಂದೇಶ ಹೀಗಿರಲಿ:

“ಮಾನ್ಯರೇ, 14-08-2021ರಂದು ಕೊಂಡ ಫ್ರಿಜ್ (ಮಾಡೆಲ್ ____, ಸೀರಿಯಲ್ ನಂಬರ್ ____, ಬಿಲ್ ನಂಬರ್ ____) ಮಾರ್ಚ್ 10ರಿಂದ ತಣ್ಣಗಾಗುತ್ತಿಲ್ಲ. ಸ್ವಿಚ್ ಹಾಕಿದರೆ ‘ಟಕ್’ ಎಂದು ಸದ್ದಾಗಿ ಕೆಲವೇ ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಒಳಗಿನ ದೀಪ ಉರಿಯುತ್ತದೆ. ಬೇರೆ ಯಾರಿಂದಲೂ ರಿಪೇರಿ ಮಾಡಿಸಿಲ್ಲ. ಕಾರ್ಡಿನ ಪ್ರಕಾರ ಕಂಪ್ರೆಸರ್ ವಾರಂಟಿ 13-08-2031ರವರೆಗೆ ಇದೆ. ಪರೀಕ್ಷಿಸಿ, ದೋಷ ಕಂಪ್ರೆಸರಿನದಾದರೆ ಅದನ್ನು ಉಚಿತವಾಗಿ ಬದಲಿಸಿಕೊಡಬೇಕೆಂದು ಕೋರುತ್ತೇನೆ. ವಾರಂಟಿಗೆ ಸೇರದ ಗ್ಯಾಸ್, ಕೂಲಿ ಮತ್ತು ಭೇಟಿಯ ಶುಲ್ಕವನ್ನು ಕೆಲಸ ಆರಂಭಿಸುವ ಮೊದಲೇ ಬರಹದಲ್ಲಿ ತಿಳಿಸಿ. ಕಾರ್ಡ್, ಬಿಲ್ ಮತ್ತು ಸ್ಟಿಕ್ಕರಿನ ಫೋಟೊಗಳನ್ನು ಲಗತ್ತಿಸಿದ್ದೇನೆ.”

ದೂರಿನ ನಂಬರ್ ಬಂದ ಕೂಡಲೇ ಬರೆದಿಟ್ಟುಕೊಳ್ಳಿ. ತಂತ್ರಜ್ಞರು ಬಂದಾಗ ಕೆಟ್ಟಿರುವ ಭಾಗ ಯಾವುದೆಂದು ಜಾಬ್ ಶೀಟಿನಲ್ಲಿ ಹೆಸರಿಸಿ ಬರೆಸಿ, ಅದರ ಪ್ರತಿ ಪಡೆಯಿರಿ. ಕಂಪ್ರೆಸರೇ ಕೆಟ್ಟಿದೆ ಎಂದು ಬರೆದುಕೊಟ್ಟ ಮೇಲೂ ಕಂಪನಿ ಬದಲಿಸಿಕೊಡದಿದ್ದರೆ, ಇದೇ ಸಂದೇಶ ಮತ್ತು ಜಾಬ್ ಶೀಟನ್ನು ಮುಂದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.