ಅಮ್ಮನ ಆರೋಗ್ಯ ವಿಮೆ: ಕಂತು ಮತ್ತು ಕ್ಲೇಮು

ತಮ್ಮಾ,

ನಿನ್ನ ವಿದೇಶಿ ಕಾರ್ಡಿನಿಂದ ಪ್ರೀಮಿಯಂ ಮೂರು ಬಾರಿ ತಿರಸ್ಕೃತವಾಯಿತು. ಕ್ಲೇಮು ಕೂಡ ವಾಪಸಾಯಿತು. ಬ್ರೌಸರ್ ಬದಲಿಸಿದರೂ, ಬೇರೆ ಕಾರ್ಡು ಹಾಕಿದರೂ ಫಲ ಸಿಗಲಿಲ್ಲ.

ನಿನ್ನ ಎನ್‌ಆರ್‌ಇ ಖಾತೆಯ ನೆಟ್ ಬ್ಯಾಂಕಿಂಗ್ ಮೂಲಕ ಕಟ್ಟಿದಾಗ ಪಾವತಿ ಸರಿಹೋಯಿತು. ಮುಂದಿನ ಸಲವೂ ಹಾಗೇ, ಗಡುವಿಗೆ ಮುಂಚೆಯೇ ಕಟ್ಟು. ವಾರ್ಷಿಕ ಪಾಲಿಸಿಗೆ 30 ದಿನಗಳ ರಿಯಾಯಿತಿ ಅವಧಿ ಇದ್ದರೂ, ಹಣ ಕಟ್ಟದ ಆ ದಿನಗಳಲ್ಲಿ ಬಂದ ಕಾಯಿಲೆಗೆ ರಕ್ಷಣೆ ಇರುವುದಿಲ್ಲ.

ಕ್ಲೇಮು ವಾಪಸಾದದ್ದು ನಿನ್ನ ಖಾತೆಯ ಚೆಕ್ ಲಗತ್ತಿಸಿದ್ದರಿಂದ. ಪ್ರೀಮಿಯಂ ಯಾರೇ ಕಟ್ಟಲಿ, ಮರುಪಾವತಿ ಬರುವುದು ಪಾಲಿಸಿಗೆ ಅರ್ಜಿ ಹಾಕಿದ ಪ್ರಸ್ತಾವಕರ ಖಾತೆಗೆ, ಅಂದರೆ ಇಲ್ಲಿ ಅಮ್ಮನ ಖಾತೆಗೆ. ಆದ್ದರಿಂದ ಅಮ್ಮನ ಹೆಸರು ಅಚ್ಚಾಗಿರುವ, ಅಡ್ಡಗೆರೆ ಎಳೆದು ರದ್ದುಪಡಿಸಿದ ಚೆಕ್ಕನ್ನು ಮೊದಲು ಇಟ್ಟು, ಅದರ ಹಿಂದೆ ಡಿಸ್ಚಾರ್ಜ್ ಸಮ್ಮರಿ, ಅಂತಿಮ ಬಿಲ್ಲು, ರಸೀದಿ, ಔಷಧಚೀಟಿಗಳ ಮೂಲ ಪ್ರತಿಗಳನ್ನು ಜೋಡಿಸಿದೆ. ಮೂಲ ಪ್ರತಿಗಳು ಕೈಬಿಟ್ಟುಹೋಗುತ್ತವೆ, ಹಾಗಾಗಿ ಮೊದಲೇ ಸ್ಕ್ಯಾನ್ ಮಾಡಿಟ್ಟೆ; ಆ ಕಡತ ಇದರೊಂದಿಗಿದೆ.